ಅಂತರ್ಜಾಲ ಸೇವಾ ಸಂಸ್ಥೆಗೆ ದಾಳಿಯ ಬಗ್ಗೆ ದೂರು ಪತ್ರ ಸಲ್ಲಿಸುವ ವಿಧಾನ

ಒಂದೇ ಐ.ಪಿ. ವಿಳಾಸದಿಂದ ತಮ್ಮ ಗಣಕಯಂತ್ರದ ಮೇಲೆ ಪದೇ ಪದೇ ದಾಳಿ ನಡೆಯುತ್ತಿದ್ದಲ್ಲಿ, ಆ ವಿಳಾಸವನ್ನು ತನ್ನ ಗ್ರಾಹಕರಿಗೆ ನೀಡಿರುವ ಅಂತರ್ಜಾಲ ಸೇವಾ ಸಂಸ್ಥೆಗೆ ದೂರು ಸಲ್ಲಿಸಬಹುದು. ಇಂತಹ ಅನೇಕ ದೂರುಗಳು ಕ್ರಮವಿಲ್ಲದೆ ಮುಕ್ತಾಯಗೊಳ್ಳಲು ಕಾರಣ, ಪತ್ರದಲ್ಲಿರುವ ವಿವರಗಳಿಂದ ಸಂಬಂಧಪಟ್ಟ ಗ್ರಾಹಕರನ್ನು ಗುರುತಿಸಲು ಸಾಧ್ಯವಾಗದಿರುವುದು. ಸಾರ್ವಜನಿಕರ ಅನುಕೂಲಕ್ಕಾಗಿ ಪತ್ರ ಬರೆಯುವ ಕ್ರಮವನ್ನು ಉದಾಹರಣೆಯೊಂದಿಗೆ ಈ ಕೆಳಗೆ ವಿವರಿಸಲಾಗಿದೆ.

ಉದಾಹರಣೆ

ನಂಜನಗೂಡು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕವು ತನ್ನ ಲೆಕ್ಕಪತ್ರಗಳ ಸರ್ವರ್ ಅನ್ನು ಅಂತರ್ಜಾಲಕ್ಕೆ ಜೋಡಿಸಿದೆ ಎಂದು ಭಾವಿಸೋಣ. ಸತತ ಮೂರು ರಾತ್ರಿ ಅದರ ದಾಖಲೆ ಕಡತದಲ್ಲಿ (ಲಾಗ್) ಈ ಬಗೆಯ ನೂರಾರು ಸಾಲುಗಳು ಕಂಡುಬಂದಿವೆ:

```
Mar 11 02:14:07 server sshd[2213]: Failed password for root from 203.0.113.45 port 51022 ssh2
```

ಯಾರೋ ಗುಪ್ತಪದವನ್ನು ಊಹಿಸಿ ಒಳಪ್ರವೇಶಿಸಲು ಯತ್ನಿಸಿ ವಿಫಲರಾಗಿದ್ದಾರೆ ಎಂಬುದು ಇದರ ಅರ್ಥ. (ಇಲ್ಲಿರುವ ಐ.ಪಿ. ವಿಳಾಸವು ಉದಾಹರಣೆಗಳಿಗೆಂದೇ ಕಾಯ್ದಿರಿಸಿದ್ದಾಗಿದ್ದು, ಯಾರಿಗೂ ಸೇರಿದ್ದಲ್ಲ.)

ದೂರನ್ನು ಯಾರಿಗೆ ಸಲ್ಲಿಸಬೇಕು?

ವಿಳಾಸವು ಯಾವ ಸಂಸ್ಥೆಗೆ ಹಂಚಿಕೆಯಾಗಿದೆ ಎಂಬುದನ್ನು ತಿಳಿಯಲು ಈ ಆದೇಶವನ್ನು ಬಳಸತಕ್ಕದ್ದು:

```
whois 203.0.113.45
```

ಭಾರತವೂ ಸೇರಿದಂತೆ ಏಷ್ಯಾ-ಪೆಸಿಫಿಕ್ ವಲಯದ ವಿಳಾಸಗಳನ್ನು whois.apnic.net ತಾಣದಲ್ಲಿಯೂ ಹುಡುಕಬಹುದು. ಉತ್ತರದಲ್ಲಿ `abuse-mailbox` ಎಂಬುದರ ಮುಂದೆ ಇರುವ ಇ-ಮೇಲ್ ವಿಳಾಸವೇ ದೂರು ಸ್ವೀಕರಿಸುವ ವಿಳಾಸ. ಬಿಲ್ಲು ಅಥವಾ ಸಂಪರ್ಕ ಕಡಿತದ ದೂರುಗಳ ಗ್ರಾಹಕ ಸೇವಾ ಕೇಂದ್ರಕ್ಕೆ ಇದನ್ನು ಕಳುಹಿಸಬಾರದು.

ಪತ್ರದಲ್ಲಿ ಇರಲೇಬೇಕಾದ ವಿವರಗಳು

1. ಸಮಯ ಮತ್ತು ಕಾಲವಲಯ. ಮನೆ ಹಾಗೂ ಸಣ್ಣ ಕಚೇರಿಗಳ ಐ.ಪಿ. ವಿಳಾಸ ಆಗಾಗ್ಗೆ ಬದಲಾಗುತ್ತಿರುತ್ತದೆ. ಮೇಲ್ಕಂಡ ಸಾಲಿನಲ್ಲಿ ವರ್ಷವೂ ಇಲ್ಲ, ಕಾಲವಲಯವೂ ಇಲ್ಲ. ಸೇವಾ ಸಂಸ್ಥೆಯು 02:14 ಅನ್ನು ಅಂತರರಾಷ್ಟ್ರೀಯ ಪ್ರಮಾಣಿತ ಸಮಯವೆಂದು ಭಾವಿಸಿದಲ್ಲಿ, ಅದು ಭಾರತೀಯ ಕಾಲಮಾನದಂತೆ ಬೆಳಿಗ್ಗೆ 7:44 ಆಗುತ್ತದೆ. ಆ ವೇಳೆಗೆ ಅದೇ ವಿಳಾಸ ಬೇರೊಬ್ಬ ಗ್ರಾಹಕರಿಗೆ ದೊರೆತಿರಬಹುದು. ಆದುದರಿಂದ ವರ್ಷ ಹಾಗೂ +05:30 ಎಂಬುದನ್ನು ತಪ್ಪದೆ ನಮೂದಿಸತಕ್ಕದ್ದು. ತಮ್ಮ ಸರ್ವರ್‌ನ ಗಡಿಯಾರ ಸರಿಯಾಗಿದೆಯೇ ಎಂದು ಮೊದಲು ಪರಿಶೀಲಿಸಿಕೊಳ್ಳಬೇಕು.

2. ಮೂಲ ಪೋರ್ಟ್ ಸಂಖ್ಯೆ. ವಿಳಾಸಗಳ ಕೊರತೆಯಿಂದಾಗಿ ಅನೇಕ ಸಂಸ್ಥೆಗಳು ಒಂದೇ ಐ.ಪಿ. ವಿಳಾಸವನ್ನು ಏಕಕಾಲದಲ್ಲಿ ಹಲವು ಗ್ರಾಹಕರಿಗೆ ಹಂಚುತ್ತವೆ. ಆಗ ಅವರಲ್ಲಿ ಒಬ್ಬರನ್ನು ಗುರುತಿಸಲು ಪೋರ್ಟ್ ಸಂಖ್ಯೆಯೇ ಆಧಾರ. ಉದಾಹರಣೆಯಲ್ಲಿ ಅದು 51022.

3. ಮೂಲ ದಾಖಲೆ. ಹತ್ತಿಪ್ಪತ್ತು ಸಾಲುಗಳನ್ನು ಯಾವುದೇ ತಿದ್ದುಪಡಿ ಇಲ್ಲದೆ ಪತ್ರದಲ್ಲಿಯೇ ಅಕ್ಷರ ರೂಪದಲ್ಲಿ ಸೇರಿಸತಕ್ಕದ್ದು. ಪರದೆಯ ಛಾಯಾಚಿತ್ರದಿಂದ ವಿವರಗಳನ್ನು ಹುಡುಕುವುದು ಕಷ್ಟ.

ಮಾದರಿ ಪತ್ರ

> ವಿಷಯ: 203.0.113.45 ವಿಳಾಸದಿಂದ ಪುನರಾವರ್ತಿತ ಅನಧಿಕೃತ ಪ್ರವೇಶ ಯತ್ನದ ಬಗ್ಗೆ.
>
> ಮಾನ್ಯರೇ, ತಮ್ಮ ಸಂಸ್ಥೆಗೆ ಹಂಚಿಕೆಯಾಗಿರುವ ಮೇಲ್ಕಂಡ ವಿಳಾಸದಿಂದ ದಿನಾಂಕ 9-3-2025 ರಿಂದ 11-3-2025 ರವರೆಗೆ ನಮ್ಮ ಸರ್ವರ್‌ನ 22ನೇ ಪೋರ್ಟ್‌ಗೆ ಗುಪ್ತಪದ ಊಹಿಸುವ ಯತ್ನಗಳು ನಡೆದಿವೆ. ಯಾವ ಯತ್ನವೂ ಸಫಲವಾಗಿಲ್ಲ. ದಾಖಲೆಯ ಸಾಲುಗಳನ್ನು ಕೆಳಗೆ ನೀಡಿದ್ದು, ಎಲ್ಲ ಸಮಯಗಳೂ ಭಾರತೀಯ ಕಾಲಮಾನದಲ್ಲಿವೆ (+05:30). ಸಂಬಂಧಿತ ದಾಖಲೆಗಳನ್ನು ಸಂರಕ್ಷಿಸಿ, ಗ್ರಾಹಕರಿಗೆ ತಿಳಿಸಿ, ಈ ಸಂಚಾರವನ್ನು ನಿಲ್ಲಿಸಬೇಕೆಂದು ಕೋರುತ್ತೇವೆ.

ಸಂಸ್ಥೆಯು ಹೊರರಾಜ್ಯದ್ದಾಗಿದ್ದಲ್ಲಿ ಇದೇ ಒಕ್ಕಣೆಯನ್ನು ಇಂಗ್ಲಿಷ್‌ನಲ್ಲಿ ಕಳುಹಿಸುವುದು ಸೂಕ್ತ. ವಿಳಾಸದ ಗ್ರಾಹಕರನ್ನು ಅಪರಾಧಿ ಎಂದು ಪತ್ರದಲ್ಲಿ ಆರೋಪಿಸಬಾರದು. ಅನೇಕ ಪ್ರಕರಣಗಳಲ್ಲಿ ಅವರ ರೂಟರ್ ಅಥವಾ ಕಣ್ಗಾವಲು ಕ್ಯಾಮೆರಾ ದುಷ್ಟ ತಂತ್ರಾಂಶಕ್ಕೆ ಒಳಗಾಗಿ, ಅವರಿಗೇ ತಿಳಿಯದಂತೆ ದಾಳಿ ನಡೆಸುತ್ತಿರುತ್ತದೆ.

ದೂರಿನ ಮಿತಿಗಳು

ಸೇವಾ ಸಂಸ್ಥೆಯು ಗ್ರಾಹಕರ ಹೆಸರನ್ನು ದೂರುದಾರರಿಗೆ ತಿಳಿಸುವುದಿಲ್ಲ. ಆ ಮಾಹಿತಿಯನ್ನು ಕಾನೂನಿನ ಪ್ರಕಾರ ತನಿಖಾಧಿಕಾರಿಗಳು ಮಾತ್ರ ಪಡೆಯಬಹುದಾಗಿದೆ. ಅಲ್ಲದೆ, ಕೆಲವು ಬಗೆಯ ದಾಳಿಗಳಲ್ಲಿ ಕಾಣುವ ಮೂಲ ವಿಳಾಸವೇ ನಕಲಿಯಾಗಿರಬಹುದು. ಆದರೆ ಗುಪ್ತಪದ ನೀಡುವ ಹಂತ ತಲುಪಲು ಎರಡೂ ಕಡೆಯಿಂದ ಸಂದೇಶ ವಿನಿಮಯವಾಗಬೇಕಾದ್ದರಿಂದ, ಉದಾಹರಣೆಯಂತಹ ಪ್ರಕರಣದಲ್ಲಿ ವಿಳಾಸವನ್ನು ನಂಬಬಹುದು.

ಮುಂದಿನ ಕ್ರಮ

ಉತ್ತರ ಬಾರದೆ ದಾಳಿ ಮುಂದುವರಿದಲ್ಲಿ, ಹಿಂದಿನ ಪತ್ರದ ಪ್ರತಿ ಹಾಗೂ ಹೊಸ ದಾಖಲೆಗಳೊಂದಿಗೆ ಜ್ಞಾಪನ ಪತ್ರ ಕಳುಹಿಸಿ, incident@cert-in.org.in ವಿಳಾಸದ ಮೂಲಕ ಭಾರತೀಯ ಕಂಪ್ಯೂಟರ್ ತುರ್ತು ಪ್ರತಿಕ್ರಿಯಾ ತಂಡಕ್ಕೆ (ಸಿ.ಇ.ಆರ್.ಟಿ.-ಇನ್) ವರದಿ ಮಾಡಬಹುದು. ಅಲ್ಲಿಯವರೆಗೆ ಆ ವಿಳಾಸವನ್ನು ತಮ್ಮ ಫೈರ್‌ವಾಲ್‌ನಲ್ಲಿ ತಡೆಹಿಡಿಯತಕ್ಕದ್ದು. ಪ್ರತಿದಾಳಿ ನಡೆಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ 2000 ರ ಅಡಿಯಲ್ಲಿ ಅಪರಾಧವಾಗಬಹುದು.

ದಾಖಲೆಯಲ್ಲಿ ಅದೇ ವಿಳಾಸದ ಮುಂದೆ `Accepted password` ಎಂದು ಕಂಡುಬಂದಲ್ಲಿ ಒಳಪ್ರವೇಶ ನಡೆದಿದೆ ಎಂದೇ ತಿಳಿಯಬೇಕು. ಆಗ ಈ ಪತ್ರವೊಂದೇ ಸಾಲದು. ಸರ್ವರ್ ಅನ್ನು ಅಂತರ್ಜಾಲದಿಂದ ಬೇರ್ಪಡಿಸಿ, ದಾಖಲೆಗಳನ್ನು ಅಳಿಸದೆ, cybercrime.gov.in ತಾಣದಲ್ಲಿ ಅಥವಾ ಪೊಲೀಸ್ ಠಾಣೆಯಲ್ಲಿ ದೂರು ನೀಡತಕ್ಕದ್ದು. ಸಂಸ್ಥೆಗಳು ಇಂತಹ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ಮೇಲ್ಕಂಡ ತಂಡಕ್ಕೆ ವರದಿ ಮಾಡಬೇಕೆಂದು ದಿನಾಂಕ 28-4-2022 ರ ನಿರ್ದೇಶನದಲ್ಲಿ ವಿಧಿಸಲಾಗಿದೆ.