‘ಮೂರು’ ಬೇರೆ, ‘ಮೂರೇ’ ಬೇರೆ

ಕಳೆದ ಸೆಮಿಸ್ಟರ್‌ನ ಇಂಟರ್ನಲ್ಸ್‌ನಲ್ಲಿ ಐದು ಅಂಕದ ಒಂದು ಪ್ರಶ್ನೆ ಬಂದಿತ್ತು. 1ರಿಂದ 49ರವರೆಗಿನ ಸಂಖ್ಯೆಗಳಲ್ಲಿ ನೀವು ಆರನ್ನು ಆರಿಸಿ ಟಿಕೆಟ್ ಕೊಳ್ಳುತ್ತೀರಿ, ಡ್ರಾದಲ್ಲೂ ಆರು ಸಂಖ್ಯೆ ಬರುತ್ತವೆ. ನಿಮ್ಮ ಸಂಖ್ಯೆಗಳಲ್ಲಿ ಮೂರೇ ಮೂರು ಹೊಂದುವ ಸಂಭವನೀಯತೆ ಎಷ್ಟು? ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಷೇಧವಾದ್ದರಿಂದ ನಮಗೆ ಇಂಥ ಟಿಕೆಟ್ ನೋಡಿ ಗೊತ್ತಿಲ್ಲ. ಆದರೆ ಬ್ರಿಟನ್‌ನ ರಾಷ್ಟ್ರೀಯ ಲಾಟರಿ 1994ರಿಂದ 2015ರವರೆಗೆ ನಡೆದದ್ದು ಹೀಗೆಯೇ.

ಮೊದಲ ಹೆಜ್ಜೆಯಲ್ಲಿ ನಾನು ಎಡವಲಿಲ್ಲ. ಮೊದಲ ಸಂಖ್ಯೆಗೆ 49 ಆಯ್ಕೆ, ಎರಡನೆಯದಕ್ಕೆ 48, ಹೀಗೆ ಆರನೆಯದಕ್ಕೆ 44. ಇವನ್ನೆಲ್ಲ ಗುಣಿಸಿದರೆ ಸಾವಿರ ಕೋಟಿ ದಾಟುತ್ತದೆ. ಆದರೆ ಲಾಟರಿಯಲ್ಲಿ ಸಂಖ್ಯೆಗಳು ಯಾವ ಕ್ರಮದಲ್ಲಿ ಬಂದರೂ ಟಿಕೆಟ್ ಅದೇ. ಆರು ಸಂಖ್ಯೆಗಳನ್ನು 720 ಕ್ರಮಗಳಲ್ಲಿ ಜೋಡಿಸಬಹುದು. ಆದ್ದರಿಂದ 720ರಿಂದ ಭಾಗಿಸಬೇಕು. ಉಳಿಯುವುದು 1,39,83,816 ಟಿಕೆಟ್‌ಗಳು.

ಎಡವಿದ್ದು ಎರಡನೇ ಹೆಜ್ಜೆಯಲ್ಲಿ. ಡ್ರಾದಲ್ಲಿ ಬಂದ ಆರರಲ್ಲಿ ಮೂರನ್ನು 20 ರೀತಿಯಲ್ಲಿ ಆರಿಸಬಹುದು. ಉಳಿದ ಮೂರು ಯಾವುದಾದರೂ ಆಗಲಿ ಎಂದುಕೊಂಡು, ಮಿಕ್ಕ 46 ಸಂಖ್ಯೆಗಳಿಂದ ಮೂರನ್ನು 15,180 ರೀತಿಯಲ್ಲಿ ಆರಿಸಿದೆ. ಗುಣಿಸಿದಾಗ 3,03,600 ಬಂತು. ಐದಕ್ಕೆ ಎರಡು ಅಂಕ.

‘ಹೆಚ್ಚೆಂದರೆ ನಾಲ್ಕೈದು ಹೊಂದಿದ ಟಿಕೆಟ್‌ಗಳೂ ಸೇರಿರಬಹುದು. ಹಾಗಾದರೆ ಇದು ಕನಿಷ್ಠ ಮೂರು ಹೊಂದುವ ಉತ್ತರವಾದರೂ ಆಗಬೇಕಲ್ಲ, ಮೇಡಂ?’ ಎಂದು ವಾದಕ್ಕಿಳಿದೆ.

‘ಅದೂ ಅಲ್ಲ. ಚಿಕ್ಕ ಲಾಟರಿ ಮಾಡಿ ಎಣಿಸಿ ನೋಡು’ ಎಂದರು.

1ರಿಂದ 6ರವರೆಗಿನ ಸಂಖ್ಯೆಗಳಲ್ಲಿ ಮೂರನ್ನು ಆರಿಸುವ ಲಾಟರಿ ಮಾಡಿಕೊಂಡೆ. ಒಟ್ಟು ಟಿಕೆಟ್ ಇಪ್ಪತ್ತೇ. ಡ್ರಾದಲ್ಲಿ 1, 2, 3 ಬಂದಿವೆ ಎಂದಿಟ್ಟುಕೊಳ್ಳಿ. ಎಲ್ಲವನ್ನೂ ಬರೆದು ನೋಡಿದರೆ ಎರಡೇ ಹೊಂದುವ ಟಿಕೆಟ್ 9. ಮೂರೂ ಹೊಂದುವುದು 1. ಅಂದರೆ ಕನಿಷ್ಠ ಎರಡು ಹೊಂದುವವು 10. ನನ್ನ ವಿಧಾನದಲ್ಲಿ ಬಂದದ್ದು 12! ಕಾರಣ ಕಣ್ಣೆದುರೇ ಇತ್ತು. ‘1, 2, 3’ ಎಂಬ ಒಂದೇ ಟಿಕೆಟನ್ನು 1, 2ಕ್ಕೆ 3 ಸೇರಿಸಿ ಒಮ್ಮೆ, 1, 3ಕ್ಕೆ 2 ಸೇರಿಸಿ ಇನ್ನೊಮ್ಮೆ, 2, 3ಕ್ಕೆ 1 ಸೇರಿಸಿ ಮತ್ತೊಮ್ಮೆ ಎಣಿಸಿದ್ದೆ.

ದೊಡ್ಡ ಲಾಟರಿಯಲ್ಲೂ ಇದೇ ಆಗಿತ್ತು. ನಾಲ್ಕು ಹೊಂದಿದ ಪ್ರತಿ ಟಿಕೆಟನ್ನು 4 ಸಲ, ಐದು ಹೊಂದಿದ್ದನ್ನು 10 ಸಲ, ಆರೂ ಹೊಂದಿದ್ದನ್ನು 20 ಸಲ ಎಣಿಸಿದ್ದೆ. ‘ಮೂರೇ’ ಎಂದಾಗ ಉಳಿದ ಮೂರು ‘ಯಾವುದಾದರೂ’ ಆಗುವಂತಿಲ್ಲ. ಡ್ರಾದಲ್ಲಿ ಬಾರದ 43 ಸಂಖ್ಯೆಗಳಿಂದಲೇ ಬರಬೇಕು. ಅದು 12,341 ರೀತಿ. 20ರಿಂದ ಗುಣಿಸಿದರೆ 2,46,820. ಒಟ್ಟು ಟಿಕೆಟ್‌ಗಳಿಗೆ ಹೋಲಿಸಿದರೆ ಸುಮಾರು 57ಕ್ಕೆ ಒಂದು.

ಉತ್ತರ ಸರಿಯೋ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಸೊನ್ನೆಯಿಂದ ಆರರವರೆಗೆ ಎಲ್ಲವನ್ನೂ ಹೀಗೆಯೇ ಎಣಿಸಿ ಕೂಡಿಸಿ:

ಒಂದೂ ಹೊಂದದ್ದು: 60,96,454
ಒಂದೇ: 57,75,588
ಎರಡೇ: 18,51,150
ಮೂರೇ: 2,46,820
ನಾಲ್ಕೇ: 13,545
ಐದೇ: 258
ಆರೂ: 1

ಮೊತ್ತ ಸರಿಯಾಗಿ 1,39,83,816. ಪ್ರತಿ ಟಿಕೆಟ್ ಒಂದೇ ಸಾಲಿನಲ್ಲಿ, ಒಂದೇ ಸಲ ಕೂತಿದೆ. ನನ್ನ 3,03,600 ಅನ್ನು ಇಲ್ಲಿ ಇಟ್ಟಿದ್ದರೆ ಮೊತ್ತ ತಪ್ಪಿ, ಪರೀಕ್ಷೆಯ ಕೋಣೆಯಲ್ಲೇ ಸಿಕ್ಕಿಬೀಳುತ್ತಿದ್ದೆ.

ಈ ಪಟ್ಟಿ ಮತ್ತೊಂದನ್ನೂ ತೋರಿಸುತ್ತದೆ. ಮೂರು ಹೊಂದಿದವನಿಗೆ ‘ಅರ್ಧ ದಾರಿ ಬಂದೆ’ ಅನ್ನಿಸುತ್ತದೆ. ಆದರೆ ಮೂರೇ ಹೊಂದಿದ ಟಿಕೆಟ್‌ಗಳು ಎರಡೂವರೆ ಲಕ್ಷದ ಹತ್ತಿರ, ಆರೂ ಹೊಂದಿದ್ದು ಒಂದೇ ಒಂದು. 2015ರ ಅಕ್ಟೋಬರ್‌ನಲ್ಲಿ ಬ್ರಿಟನ್‌ನವರು 49ನ್ನು 59 ಮಾಡಿದರು. ಹೆಚ್ಚಿದ್ದು ಹತ್ತೇ ಸಂಖ್ಯೆ. ಮೂರೇ ಹೊಂದುವ ಸಾಧ್ಯತೆ 57ಕ್ಕೆ ಒಂದರಿಂದ 96ಕ್ಕೆ ಒಂದಕ್ಕೆ ಇಳಿಯಿತು. ಆರೂ ಹೊಂದುವುದು 1.4 ಕೋಟಿಗೆ ಒಂದಿದ್ದದ್ದು 4.5 ಕೋಟಿಗೆ ಒಂದಾಯಿತು.

ಮೂರು ಅಂಕ ವಾಪಸ್ ಬರಲಿಲ್ಲ. ಈಗ ಪ್ಲೇಸ್‌ಮೆಂಟ್‌ಗೆಂದು ಆಪ್ಟಿಟ್ಯೂಡ್ ಲೆಕ್ಕ ಬಿಡಿಸುವಾಗ ಮೊದಲು ನೋಡುವುದು ಪ್ರಶ್ನೆಯಲ್ಲಿರುವುದು ‘ಮೂರೇ’ ಎಂದೋ, ‘ಕನಿಷ್ಠ ಮೂರು’ ಎಂದೋ. ಕನಿಷ್ಠ ಮೂರು ಎಂದಿದ್ದರೆ ಪಟ್ಟಿಯ ಕೊನೆಯ ನಾಲ್ಕು ಸಾಲು ಕೂಡಿಸುತ್ತೇನೆ: 2,60,624.