ಜಪ್ತಿಯಾದ ಸೈಟು, ನೂರ ಎಂಬತ್ತು ದಿನದ ಗಡುವು

‘ಇಷ್ಟು ಕೋಟಿ ಆಸ್ತಿ ಜಪ್ತಿ ಮಾಡಿದ ಇ.ಡಿ’ ಎಂಬ ಸುದ್ದಿ ಓದಿದವರಲ್ಲಿ ಹೆಚ್ಚಿನವರು ಆ ಆಸ್ತಿ ಅಂದೇ ಸರ್ಕಾರದ ಪಾಲಾಯಿತು ಎಂದುಕೊಳ್ಳುತ್ತಾರೆ. ಹಾಗಾಗಿರುವುದಿಲ್ಲ. ಆ ಹೊತ್ತಿಗೆ ಆಗಿರುವುದು ತಾತ್ಕಾಲಿಕ ಜಪ್ತಿ ಮಾತ್ರ. ಮಾಲೀಕ ಅದನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, ದಾನ ಕೊಡುವಂತಿಲ್ಲ. ಆದರೆ ಅದು ಅವನ ಹೆಸರಿನಲ್ಲೇ ಇರುತ್ತದೆ, ಮನೆಯಾಗಿದ್ದರೆ ಅವನು ಅದರಲ್ಲಿ ವಾಸಿಸಲೂಬಹುದು. ಆ ಸುದ್ದಿಗೂ ಸರ್ಕಾರ ನಿಜವಾಗಿ ಮುಟ್ಟುಗೋಲು ಹಾಕಿಕೊಳ್ಳುವುದಕ್ಕೂ ನಡುವೆ ಹಲವು ಮೆಟ್ಟಿಲುಗಳಿವೆ, ಬಹಳ ಸಲ ಹಲವು ವರ್ಷಗಳೂ ಇವೆ.

ಇದಕ್ಕೆಲ್ಲ ಆಧಾರ 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ. ಜಾರಿಗೆ ಬಂದದ್ದು 2005ರ ಜುಲೈ 1ರಂದು. ಕಾಯ್ದೆಯ ಕಣ್ಣಿರುವುದು ಕಳ್ಳತನದ ಮೇಲಲ್ಲ, ಕದ್ದ ಹಣ ಮುಂದೆ ಹಿಡಿಯುವ ದಾರಿಯ ಮೇಲೆ. ವಂಚನೆ, ಲಂಚ, ಮಾದಕವಸ್ತು ಮಾರಾಟ ಮುಂತಾದ ಅಪರಾಧಗಳ ಪಟ್ಟಿಯೊಂದನ್ನು ಕಾಯ್ದೆಗೆ ಅನುಸೂಚಿಯಾಗಿ ಸೇರಿಸಿದ್ದಾರೆ. ಅವುಗಳಲ್ಲಿ ಒಂದರಿಂದ ಬಂದ ಹಣವನ್ನು ಬಚ್ಚಿಟ್ಟರೂ, ಬಳಸಿದರೂ, ಸಕ್ರಮ ಗಳಿಕೆಯೆಂದು ತೋರಿಸಿದರೂ ಅದು ಪ್ರತ್ಯೇಕ ಅಪರಾಧ. ಮೂರರಿಂದ ಏಳು ವರ್ಷ ಜೈಲು, ಮಾದಕವಸ್ತುವಿನ ನಂಟಿದ್ದರೆ ಹತ್ತು ವರ್ಷದವರೆಗೆ. ಅಂದರೆ ಈ ಪ್ರಕರಣ ತಾನೇ ಹುಟ್ಟುವುದಿಲ್ಲ. ಅದಕ್ಕೊಂದು ಮೂಲ ಅಪರಾಧ ಇರಲೇಬೇಕು. ಕೊನೆಯವರೆಗೂ ಇದನ್ನು ನೆನಪಿಟ್ಟುಕೊಳ್ಳಬೇಕು.

ದೊಡ್ಡವರ ಪ್ರಕರಣಗಳ ಬಗ್ಗೆ ಎಲ್ಲೆಡೆ ಓದಿರುತ್ತೀರಿ. ಈ ಕಾಯ್ದೆ ಸಾಮಾನ್ಯರ ಬಾಗಿಲಿಗೆ ಬರುವುದು ಬೇರೆಯೇ ದಾರಿಯಲ್ಲಿ. ಅದನ್ನು ತೋರಿಸಲು ಒಂದು ಕಲ್ಪಿತ ಪ್ರಸಂಗವನ್ನು ಬೆಳೆಸೋಣ. ಒಂದು ಫೈನಾನ್ಸ್ ಕಂಪನಿ 2019ರಿಂದ 2021ರವರೆಗೆ ಹೆಚ್ಚು ಬಡ್ಡಿಯ ಆಸೆ ತೋರಿಸಿ ಜನರಿಂದ ಠೇವಣಿ ಸಂಗ್ರಹಿಸುತ್ತದೆ. ಅದರ ನಿರ್ದೇಶಕ 2020ರಲ್ಲಿ ಆ ಹಣದಲ್ಲೇ 40 ಲಕ್ಷ ಕೊಟ್ಟು ತುಮಕೂರಿನಲ್ಲಿ ಒಂದು ಸೈಟು ಕೊಳ್ಳುತ್ತಾನೆ. 2022ರಲ್ಲಿ ಅದನ್ನು ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರಿಗೆ 50 ಲಕ್ಷಕ್ಕೆ ಮಾರುತ್ತಾನೆ. ಶಿಕ್ಷಕಿಗೆ ಕಂಪನಿಯ ಹೆಸರೂ ಗೊತ್ತಿಲ್ಲ. 2023ರಲ್ಲಿ ಠೇವಣಿದಾರರು ದೂರು ಕೊಡುತ್ತಾರೆ, ಪೊಲೀಸರು ವಂಚನೆಯ ಎಫ್‌ಐಆರ್ ದಾಖಲಿಸುತ್ತಾರೆ. ಆ ಎಫ್‌ಐಆರ್ ಆಧಾರದ ಮೇಲೆ ಜಾರಿ ನಿರ್ದೇಶನಾಲಯ ತನ್ನದೇ ಕಡತವೊಂದನ್ನು ತೆರೆಯುತ್ತದೆ. ಅದಕ್ಕೆ ಇಸಿಐಆರ್ ಎನ್ನುತ್ತಾರೆ. ಎಫ್‌ಐಆರ್‌ನಂತೆ ಅದರ ಪ್ರತಿಯನ್ನು ಆರೋಪಿಗೆ ಕೊಡಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಆಮೇಲೆ ಅಧಿಕಾರಿಗಳು ಮಾಡುವುದು ಮುಖ್ಯವಾಗಿ ಬ್ಯಾಂಕ್ ಸ್ಟೇಟ್‌ಮೆಂಟ್ ಓದುವ ಕೆಲಸ. ಠೇವಣಿದಾರರ ಹಣ ಕಂಪನಿಯ ಖಾತೆಗೆ, ಅಲ್ಲಿಂದ ಇನ್ನೊಂದು ಸಂಸ್ಥೆಯ ಖಾತೆಗೆ, ಅಲ್ಲಿಂದ ‘ಸಾಲ’ ಎಂಬ ಹೆಸರಿನಲ್ಲಿ ನಿರ್ದೇಶಕನ ಸ್ವಂತ ಖಾತೆಗೆ, ಕೊನೆಗೆ ಸೈಟಿನ ಹಳೆಯ ಮಾಲೀಕನಿಗೆ. ಹಣವನ್ನು ಹೀಗೆ ಕೈಯಿಂದ ಕೈಗೆ ದಾಟಿಸುವುದೇ ಅದರ ಮೂಲ ಮರೆಸಲು. ಸರಪಳಿಯ ಕೊನೆಯಲ್ಲಿ ಸಿಕ್ಕಿದ್ದು ಸೈಟು. ಅದೀಗ ಶಿಕ್ಷಕಿಯ ಹೆಸರಿನಲ್ಲಿದೆ.

2024ರ ಮಾರ್ಚ್ 11ರಂದು ತಾತ್ಕಾಲಿಕ ಜಪ್ತಿ ಆದೇಶ ಹೊರಡುತ್ತದೆ ಎನ್ನೋಣ. ಉಪನಿರ್ದೇಶಕರಿಗಿಂತ ಕೆಳಗಿನ ಅಧಿಕಾರಿ ಇದನ್ನು ಹೊರಡಿಸುವಂತಿಲ್ಲ. ಇದು ಅಪರಾಧದ ಹಣ, ಇದನ್ನು ಕೈಬದಲಿಸುವ ಸಾಧ್ಯತೆ ಇದೆ ಎಂದು ನಂಬಲು ಏನು ಕಾರಣ ಎಂಬುದನ್ನು ಲಿಖಿತವಾಗಿ ದಾಖಲಿಸಬೇಕು. ಅಲ್ಲಿಂದ ಎರಡು ಗಡುವುಗಳು ಶುರುವಾಗುತ್ತವೆ. 30 ದಿನದೊಳಗೆ ದೆಹಲಿಯ ನ್ಯಾಯನಿರ್ಣಯ ಪ್ರಾಧಿಕಾರಕ್ಕೆ ಅಧಿಕಾರಿ ದೂರು ಸಲ್ಲಿಸಬೇಕು. 180 ದಿನದೊಳಗೆ, ಅಂದರೆ ಸೆಪ್ಟೆಂಬರ್ ಮೊದಲ ವಾರ ಕಳೆಯುವಷ್ಟರಲ್ಲಿ, ಪ್ರಾಧಿಕಾರ ಜಪ್ತಿಯನ್ನು ಖಾಯಂ ಮಾಡಬೇಕು. ಮಾಡದಿದ್ದರೆ ಆದೇಶ ತಾನಾಗಿ ಬಿದ್ದುಹೋಗುತ್ತದೆ. ಹೈಕೋರ್ಟ್ ತಡೆಯಾಜ್ಞೆ ಇದ್ದ ದಿನಗಳು ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಆದೇಶ ಕೈಗೆ ಬಂದ ದಿನವೇ ವಕೀಲರು ಕ್ಯಾಲೆಂಡರಿನಲ್ಲಿ ಈ ತಾರೀಖು ಗುರುತು ಹಾಕಿಕೊಳ್ಳುವುದು ಸುಮ್ಮನಲ್ಲ.

ಪ್ರಾಧಿಕಾರ ಕಳಿಸುವ ಕಾರಣ ಕೇಳುವ ನೋಟಿಸ್ ಶಿಕ್ಷಕಿಯ ಮನೆಗೆ ಬರುತ್ತದೆ. ಉತ್ತರಕ್ಕೆ ಕನಿಷ್ಠ 30 ದಿನ ಕಾಲಾವಕಾಶ ಕೊಡಬೇಕು. ಅದರಲ್ಲಿ ಕೇಳಿರುವುದು ಒಂದೇ ಮಾತು: ಈ ಆಸ್ತಿ ಕೊಳ್ಳಲು ಹಣ ಎಲ್ಲಿಂದ ಬಂತು? ಇಡೀ ಹೋರಾಟದ ತಿರುಳು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಹಲವರು ಮಾತ್ರ ಗಾಬರಿಯಲ್ಲಿ ಮೊದಲು ಹೈಕೋರ್ಟಿಗೆ ಓಡುತ್ತಾರೆ, ನೋಟಿಸಿಗೆ ‘ನಾವು ನಿರ್ದೋಷಿಗಳು, ಆರೋಪ ಸುಳ್ಳು’ ಎಂದು ಎರಡು ಪುಟ ಬರೆದು ಕೈತೊಳೆದುಕೊಳ್ಳುತ್ತಾರೆ. ನಿರ್ದೋಷಿ ಎನ್ನುವುದರಿಂದ ಏನೂ ಆಗದು, ಹಣದ ಮೂಲ ತೋರಿಸಬೇಕು. ಪ್ರಾಧಿಕಾರ ಯಾರಿಗೂ ಶಿಕ್ಷೆ ಕೊಡುವುದಿಲ್ಲ. ಅದು ತೀರ್ಮಾನಿಸುವುದು ಆಸ್ತಿಯ ವಿಚಾರವನ್ನು ಮಾತ್ರ.

ಶಿಕ್ಷಕಿಯ ಉತ್ತರ ಹೀಗಿರಬೇಕು. 50 ಲಕ್ಷದಲ್ಲಿ 30 ಲಕ್ಷ ಬ್ಯಾಂಕ್ ಸಾಲ. ಸಾಲ ಮಂಜೂರಾತಿ ಪತ್ರ, ಬ್ಯಾಂಕು ಮಾರಾಟಗಾರನ ಹೆಸರಿಗೆ ಕೊಟ್ಟ ಡಿಡಿ ಪ್ರತಿ. 12 ಲಕ್ಷ ತವರಿನ ಜಮೀನಿನ ಪಾಲು ಮಾರಿ ಬಂದದ್ದು. ಆ ಜಮೀನಿನ ಕ್ರಯಪತ್ರ, ಹಣ ಖಾತೆಗೆ ಬಿದ್ದ ದಿನದ ಸ್ಟೇಟ್‌ಮೆಂಟ್. 8 ಲಕ್ಷ ಗಂಡನ ಠೇವಣಿ. ಮುರಿಸಿದ ಎಫ್‌ಡಿಯ ರಸೀದಿ, ಅವರ ಆದಾಯ ತೆರಿಗೆ ರಿಟರ್ನ್. ಒಂದೊಂದು ಲಕ್ಷಕ್ಕೂ ಹಿಂದೊಂದು ಕಾಗದ. ಇದರ ಜೊತೆ ಕೊಳ್ಳುವ ಮುಂಚೆ ತೆಗೆಸಿದ ಇ.ಸಿ, ವಕೀಲರಿಂದ ಪಡೆದ ಲೀಗಲ್ ಒಪೀನಿಯನ್, ಸುತ್ತಮುತ್ತ ಆ ವರ್ಷ ನೋಂದಣಿಯಾದ ಸೈಟುಗಳ ಬೆಲೆ. ಮಾರಾಟಗಾರನಿಗೂ ತನಗೂ ನೆಂಟಸ್ತಿಕೆಯಾಗಲೀ ವ್ಯವಹಾರವಾಗಲೀ ಇಲ್ಲವೆಂಬ ಪ್ರಮಾಣಪತ್ರವೂ ಬೇಕು. ಇಷ್ಟಿದ್ದರೆ ಅವರ ವಾದ ಗಟ್ಟಿಯಾಗುತ್ತದೆ: ನಿರ್ದೇಶಕನ ಕೈಗೆ ಸೈಟಿನ ಬದಲು 50 ಲಕ್ಷ ಹೋಯಿತು, ಅಪರಾಧದ ಗಳಿಕೆ ಇನ್ನು ಮುಂದೆ ಆ 50 ಲಕ್ಷ, ಅದು ಎಲ್ಲಿ ಹೋಯಿತೆಂದು ಹುಡುಕಿ. ಪ್ರಾಮಾಣಿಕವಾಗಿ, ಸರಿಯಾದ ಬೆಲೆ ಕೊಟ್ಟು ಕೊಂಡ ಮೂರನೆಯವರ ಹಕ್ಕನ್ನು ಕಾಪಾಡಬೇಕು ಎಂದು ದೆಹಲಿ ಹೈಕೋರ್ಟ್ 2019ರ ಆಕ್ಸಿಸ್ ಬ್ಯಾಂಕ್ ಪ್ರಕರಣದಲ್ಲಿ ವಿವರವಾಗಿ ಹೇಳಿದೆ. ಅಪರಾಧ ನಡೆದ ಮೇಲೆ ಕೊಂಡವರಾದರೆ, ವಿಚಾರಿಸಿಯೇ ಕೊಂಡಿದ್ದೇವೆಂದು ತೋರಿಸುವ ಹೊಣೆ ಅವರ ಮೇಲೆ ಹೆಚ್ಚು.

ಇನ್ನು ನಮ್ಮ ಊರುಗಳ ವಾಸ್ತವ. ಸೈಟು 50 ಲಕ್ಷದ್ದು, ಕ್ರಯಪತ್ರದಲ್ಲಿ 35 ಲಕ್ಷ, ಉಳಿದ 15 ಲಕ್ಷ ಬ್ಯಾಗಿನಲ್ಲಿ. ಮುದ್ರಾಂಕ ಶುಲ್ಕ ಉಳಿಸಲು ಮಾಡಿದ ಈ ಹೊಂದಾಣಿಕೆ ಜಪ್ತಿಯ ದಿನ ಎರಡು ಕಡೆಯಿಂದ ಹೊಡೆಯುತ್ತದೆ. 15 ಲಕ್ಷ ಕೊಟ್ಟಿದ್ದೇನೆಂದು ಹೇಳಿದರೆ ಅದರ ಮೂಲ ತೋರಿಸಲಾಗದು. ಹೇಳದಿದ್ದರೆ 50 ಲಕ್ಷದ ಸೈಟನ್ನು 35ಕ್ಕೆ ಏಕೆ ಮಾರಿದ, ನೀವು ಅವನ ಬೇನಾಮಿಯೇ ಎಂಬ ಪ್ರಶ್ನೆ ಏಳುತ್ತದೆ. ನೋಂದಣಿಯಾಗದ ಸೇಲ್ ಅಗ್ರಿಮೆಂಟ್ ಮತ್ತು ಜಿಪಿಎ ನಂಬಿ ಹಣ ಕೊಟ್ಟವರ ಪಾಡು ಇನ್ನೂ ಕಷ್ಟ. ಅವರಲ್ಲಿ ಮಾಲೀಕತ್ವದ ಕಾಗದವೇ ಇರುವುದಿಲ್ಲ.

ಮಾಲೀಕನೇ ಆರೋಪಿಯಾಗಿದ್ದರೆ ಪ್ರಶ್ನೆ ಬೇರೆ: ಈ ಆಸ್ತಿ ಅಪರಾಧಕ್ಕಿಂತ ಮುಂಚಿನದೋ, ಆಮೇಲಿನದೋ? ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರ ವ್ಯಾಜ್ಯದಿಂದ ಹುಟ್ಟಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ನವೆಂಬರ್ 29ರಂದು ಕೊಟ್ಟ ತೀರ್ಪು ಇಲ್ಲಿ ಮುಖ್ಯ. ಅಲ್ಲಿ ಎರಡು ಆಸ್ತಿಗಳಿದ್ದವು. ಒಂದನ್ನು ಕೊಂಡದ್ದು 2013ರಲ್ಲಿ, ಮೂಲ ಅಪರಾಧ ನಡೆಯಿತೆನ್ನಲಾದ ಕಾಲಕ್ಕಿಂತ ಮುಂಚೆ. ಅದಕ್ಕೂ ಅಪರಾಧದ ಗಳಿಕೆಗೂ ನಂಟಿರಲು ಸಾಧ್ಯವಿಲ್ಲ ಎಂದಿತು ನ್ಯಾಯಾಲಯ. 2019ರಲ್ಲಿ ಕೊಂಡ ಇನ್ನೊಂದರ ವಿಷಯವನ್ನು ವಿಚಾರಣೆಗೇ ಬಿಟ್ಟಿತು. ಬರೀ ಒಳಸಂಚಿನ ಆರೋಪ ಸಾಲದು, ಆ ಸಂಚು ಅನುಸೂಚಿಯಲ್ಲಿರುವ ಅಪರಾಧ ಎಸಗಲೆಂದೇ ನಡೆದಿರಬೇಕು ಎಂದೂ ಅದೇ ತೀರ್ಪಿನಲ್ಲಿ ಸ್ಪಷ್ಟಪಡಿಸಿತು.

ಆದರೆ ‘ಅಜ್ಜನ ಕಾಲದ ತೋಟ, ಅದನ್ನು ಮುಟ್ಟುವಂತಿಲ್ಲ’ ಎಂದು ಆರೋಪಿ ನಿಶ್ಚಿಂತೆಯಿಂದ ಇರುವಂತಿಲ್ಲ. ಕಾಯ್ದೆಯ ವ್ಯಾಖ್ಯೆಯಲ್ಲಿ ಅಪರಾಧದಿಂದ ಬಂದ ಆಸ್ತಿಯ ಜೊತೆ ‘ಅದರ ಮೌಲ್ಯ’ವೂ ಸೇರಿದೆ. ಕದ್ದ ಹಣ ಖರ್ಚಾಗಿದ್ದರೆ, ಸಿಗದಿದ್ದರೆ, ಅಷ್ಟೇ ಬೆಲೆಯ ಬೇರೆ ಆಸ್ತಿ ಜಪ್ತಿ ಮಾಡಬಹುದೆಂದು ಇ.ಡಿ ವಾದಿಸುತ್ತದೆ. ದೆಹಲಿ ಹೈಕೋರ್ಟ್ ಈ ವಾದವನ್ನು ಒಪ್ಪಿದೆ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2020ರಲ್ಲಿ, ಹಣ ವಿದೇಶಕ್ಕೆ ಹೋಗಿದ್ದ ಸಂದರ್ಭ ಬಿಟ್ಟರೆ ಅಪರಾಧಕ್ಕೆ ಮುಂಚಿನ ಆಸ್ತಿಗೆ ಕೈಹಾಕುವಂತಿಲ್ಲ ಎಂದಿದೆ. ಹೀಗಾಗಿ ಪಿತ್ರಾರ್ಜಿತ ಆಸ್ತಿ ಜಪ್ತಿಯಾದವನು ತಾರೀಖಿನ ಜೊತೆಗೆ, ಅಪರಾಧದಿಂದ ಬಂದದ್ದೆನ್ನಲಾದ ಒಟ್ಟು ಮೊತ್ತ ಎಷ್ಟು, ಈಗಾಗಲೇ ಜಪ್ತಿಯಾದದ್ದು ಎಷ್ಟು ಎಂಬ ಲೆಕ್ಕವನ್ನೂ ಕೆದಕಬೇಕು. ಆ ಮೊತ್ತಕ್ಕಿಂತ ಹೆಚ್ಚಿನ ಬೆಲೆಯ ಆಸ್ತಿ ಜಪ್ತಿಯಾಗಿದ್ದರೆ ವಾದಿಸಲು ಅಲ್ಲೊಂದು ನೆಲೆ ಸಿಗುತ್ತದೆ.

ಪ್ರಾಧಿಕಾರ ಜಪ್ತಿಯನ್ನು ಖಾಯಂ ಮಾಡಿತು ಎನ್ನೋಣ. ಆಗ ಇ.ಡಿ ಆಸ್ತಿಯ ಸ್ವಾಧೀನ ಕೇಳಬಹುದು, ಮನೆ ಖಾಲಿ ಮಾಡಲು ನೋಟಿಸ್ ಬರಬಹುದು. ಜನ ನಿಜವಾಗಿ ಕಂಗೆಡುವುದು ಈ ಹಂತದಲ್ಲಿ. 2022ರ ಜುಲೈ 27ರ ವಿಜಯ್ ಮದನ್‌ಲಾಲ್ ಚೌಧರಿ ತೀರ್ಪು ಇ.ಡಿಯ ಅಧಿಕಾರಗಳನ್ನು ಹೆಚ್ಚುಕಡಿಮೆ ಪೂರ್ತಿ ಎತ್ತಿಹಿಡಿದರೂ ಈ ವಿಚಾರದಲ್ಲಿ ಮಾಲೀಕರಿಗೆ ಒಂದಿಷ್ಟು ಆಸರೆ ಕೊಟ್ಟಿದೆ: ವಿಚಾರಣೆ ಮುಗಿದು ಮುಟ್ಟುಗೋಲು ಆದೇಶ ಆಗುವ ಮುನ್ನವೇ ಸ್ವಾಧೀನ ಪಡೆಯುವುದು ಅಪವಾದವಾಗಿರಬೇಕು, ರೂಢಿಯಾಗಬಾರದು. ಖಾಲಿ ಮಾಡುವ ನೋಟಿಸಿಗೆ ಉತ್ತರಿಸುವಾಗ ಈ ಸಾಲನ್ನು ಬಿಡಬಾರದು. ಖಾಯಂ ಆದೇಶದ ಪ್ರತಿ ಕೈಗೆ ಸಿಕ್ಕ 45 ದಿನದೊಳಗೆ ದೆಹಲಿಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಅಲ್ಲೂ ಸೋತರೆ 60 ದಿನದೊಳಗೆ ಹೈಕೋರ್ಟ್. ಕರ್ನಾಟಕದಲ್ಲಿ ವಾಸವಿರುವವರು ನಮ್ಮ ಹೈಕೋರ್ಟಿಗೇ ಬರಬಹುದು. ತುಮಕೂರಿನ ಸೈಟಿಗಾಗಿ ದೆಹಲಿಯಲ್ಲಿ ಎರಡು ಸುತ್ತು ಮುಗಿಸಿ ಬೆಂಗಳೂರಿಗೆ ಬರಬೇಕಾದ ಈ ವ್ಯವಸ್ಥೆ ಸಣ್ಣ ಆಸ್ತಿಯವರ ಪಾಲಿಗೆ ಅನ್ಯಾಯದ್ದೇ. ಇಷ್ಟೂ ಕಾಲ ಶಿಕ್ಷಕಿಯ 30 ಲಕ್ಷದ ಸಾಲಕ್ಕೆ ಇಎಂಐ ಮಾತ್ರ ತಿಂಗಳು ತಿಂಗಳು ಕಡಿತವಾಗುತ್ತಲೇ ಇರುತ್ತದೆ. ಜಪ್ತಿಯಾಯಿತೆಂದು ಬ್ಯಾಂಕ್ ಕಂತು ನಿಲ್ಲಿಸುವುದಿಲ್ಲ.

ಜಪ್ತಿ ಖಾಯಂ ಆದ ಆಸ್ತಿಯ ಕೊನೆಯ ತೀರ್ಮಾನ ವಿಶೇಷ ನ್ಯಾಯಾಲಯದ ಕೈಯಲ್ಲಿರುತ್ತದೆ. ಅಪರಾಧ ಸಾಬೀತಾದರೆ ಆಸ್ತಿ ಕೇಂದ್ರ ಸರ್ಕಾರಕ್ಕೆ ಮುಟ್ಟುಗೋಲು. ಮೂಲ ಅಪರಾಧದ ಪ್ರಕರಣವೇ ರದ್ದಾದರೆ ಅಥವಾ ಆರೋಪಿ ಅದರಲ್ಲಿ ಖುಲಾಸೆಯಾದರೆ ಅದರ ಮೇಲೆ ನಿಂತ ಹಣ ವರ್ಗಾವಣೆಯ ಪ್ರಕರಣವೂ ನಿಲ್ಲುವುದಿಲ್ಲ ಎಂದು ಅದೇ 2022ರ ತೀರ್ಪು ಹೇಳಿದೆ. ಮೋಸಹೋದ ಠೇವಣಿದಾರರೂ ಇಲ್ಲಿ ಹಕ್ಕುದಾರರೇ. ನ್ಯಾಯಾಲಯ ಅವರಿಗೆ ಆಸ್ತಿಯನ್ನು ಮರಳಿಸಬಹುದು, ಅದೂ ವಿಚಾರಣೆ ಮುಗಿಯುವ ಮೊದಲೇ. ವಿಜಯ್ ಮಲ್ಯ ಪ್ರಕರಣದಲ್ಲಿ ಬ್ಯಾಂಕುಗಳಿಗೆ 14,000 ಕೋಟಿ ರೂಪಾಯಿಗೂ ಹೆಚ್ಚು ಮರಳಿದ್ದಾಗಿ 2024ರ ಡಿಸೆಂಬರ್‌ನಲ್ಲಿ ಹಣಕಾಸು ಸಚಿವೆ ಲೋಕಸಭೆಗೆ ತಿಳಿಸಿದ್ದರು. ಶಿಕ್ಷಕಿಯೂ ಠೇವಣಿದಾರರೂ ಹೀಗೆ ಒಂದೇ ಸೈಟಿನ ಮೇಲೆ ಎದುರುಬದುರಾಗುವ ಸಂದರ್ಭ ಬರಬಹುದು. ಇಬ್ಬರೂ ಮೋಸಹೋದವರೇ ಎಂಬುದು ನ್ಯಾಯಾಧೀಶರ ಕೆಲಸವನ್ನು ಕಠಿಣಗೊಳಿಸುತ್ತದೆ.

ಗೆದ್ದವರೂ ಆದೇಶದ ಪ್ರತಿ ಹಿಡಿದು ಮನೆಗೆ ಹೋದರೆ ಕೆಲಸ ಮುಗಿಯಲಿಲ್ಲ. ಜಪ್ತಿಯ ಮಾಹಿತಿ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿರುತ್ತದೆ, ಜಮೀನಾದರೆ ಪಹಣಿಯಲ್ಲೂ ನಮೂದಾಗಿರಬಹುದು. ಬಿಡುಗಡೆ ಆದೇಶದ ದೃಢೀಕೃತ ಪ್ರತಿಯೊಂದಿಗೆ ಅರ್ಜಿ ಕೊಟ್ಟು ಆ ನಮೂದು ತೆಗೆಸಬೇಕು, ಆಮೇಲೆ ಹೊಸ ಇ.ಸಿ ತೆಗೆಸಿ ನೋಡಬೇಕು. ಹಳೆಯ ನಮೂದು ಅದರಲ್ಲಿ ಹಾಗೇ ಇದ್ದರೆ ಬ್ಯಾಂಕಿನವರು ಸಾಲ ಕೊಡಲು ಹಿಂಜರಿಯುತ್ತಾರೆ, ಕೊಳ್ಳಲು ಬಂದವರು ತಿರುಗಿ ಹೋಗುತ್ತಾರೆ.