ಎಲ್ಲರೂ ಸಹಿ ಹಾಕುವ ಬೀಳ್ಕೊಡುಗೆ ಕಾರ್ಡು

ಊರು ಬದಲಿಸುವ ಸಹೋದ್ಯೋಗಿಗೆ ಕಚೇರಿಯವರೆಲ್ಲ ಸೇರಿ ಕೊಡುವ ಕಾರ್ಡಿನಲ್ಲಿ ಎರಡು ಬಗೆಯ ಬರವಣಿಗೆ ಇರುತ್ತದೆ. ನಡುವೆ ಇರುವ ನಾಲ್ಕೈದು ಸಾಲಿನ ಹಾರೈಕೆ ಎಲ್ಲರ ಹೆಸರಿನಲ್ಲಿ ಬರೆದದ್ದು. ಅದರ ಸುತ್ತ ಒಬ್ಬೊಬ್ಬರು ತಮ್ಮ ಕೈಯಾರೆ ಬರೆದ ಒಂದೆರಡು ಸಾಲು ಮತ್ತು ಸಹಿ ಇರುತ್ತವೆ. ಇವೆರಡರ ಕೆಲಸ ಬೇರೆ ಬೇರೆ. ನಡುವಿನ ಹಾರೈಕೆ ಸಹಿ ಹಾಕುವ ಪ್ರತಿಯೊಬ್ಬರ ಮಟ್ಟಿಗೂ ನಿಜವಾಗಿರಬೇಕು. ಒಬ್ಬಿಬ್ಬರಿಗೆ ಮಾತ್ರ ಗೊತ್ತಿರುವ ಸಂಗತಿಗಳು ಸುತ್ತಲಿನ ಸಾಲುಗಳಿಗೆ ಸೇರಿದವು. ಈ ವಿಂಗಡಣೆ ತಪ್ಪಿದ ಕಾರ್ಡಿನಲ್ಲಿ ನಡುವಿನ ಮಾತು ಯಾರಿಗೆ ಬೇಕಾದರೂ ಹೊಂದುವಷ್ಟು ಸಪ್ಪೆಯಾಗುತ್ತದೆ, ಸುತ್ತಲೂ ‘ಆಲ್ ದಿ ಬೆಸ್ಟ್’ ಎಂಬುದೇ ಹತ್ತಾರು ಸಲ ಬಂದಿರುತ್ತದೆ.

ಕನ್ನಡ ನಾಡಿನ ಕಚೇರಿ, ಶಾಲೆ, ಬ್ಯಾಂಕುಗಳಲ್ಲಿ ಬೀಳ್ಕೊಡುಗೆಗೆ ಬಿನ್ನವತ್ತಳೆ ಅರ್ಪಿಸುವ ರೂಢಿ ಹಳೆಯದು. ಅದನ್ನು ಅಚ್ಚು ಹಾಕಿಸಿ, ಚೌಕಟ್ಟು ಕಟ್ಟಿಸಿ, ಸಭೆಯಲ್ಲಿ ಗಟ್ಟಿಯಾಗಿ ಓದಿ, ಹಾರ ಶಾಲಿನೊಂದಿಗೆ ಕೊಡುತ್ತಾರೆ. ಅದರ ಭಾಷೆ ಸಭೆಗೆ ತಕ್ಕಂತೆ ಏರುದನಿಯಲ್ಲಿರುತ್ತದೆ, ಸೇವೆಯ ವರ್ಷಗಳನ್ನೂ ಗುಣಗಳನ್ನೂ ಒಂದೊಂದಾಗಿ ಹೇಳುತ್ತದೆ. ಕಾರ್ಡು ಹಾಗಲ್ಲ. ಅದನ್ನು ಪಡೆದವರು ಮನೆಗೆ ಹೋಗಿ, ಒಬ್ಬರೇ ಕುಳಿತು ಓದುತ್ತಾರೆ. ಆದ್ದರಿಂದ ಬಿನ್ನವತ್ತಳೆಯ ಭಾಷೆಯನ್ನು ಕಾರ್ಡಿಗೆ ಇಳಿಸಿದರೆ ಎದುರಿಗೆ ಕುಳಿತು ಮಾತನಾಡಬೇಕಾದವರು ಮೈಕಿನ ಮುಂದೆ ನಿಂತಂತೆ ಕೇಳಿಸುತ್ತದೆ.

ಒಂದು ಉದಾಹರಣೆಯನ್ನು ಹಂತ ಹಂತವಾಗಿ ನೋಡಬಹುದು. ಶಿವಮೊಗ್ಗದ ಒಂದು ಬ್ಯಾಂಕ್ ಶಾಖೆಯಲ್ಲಿ 22 ಮಂದಿ ಇದ್ದಾರೆ ಎಂದಿಟ್ಟುಕೊಳ್ಳೋಣ. ಪಿಂಚಣಿ ಕೌಂಟರ್ ನೋಡಿಕೊಳ್ಳುತ್ತಿದ್ದ ಮಹಿಳೆಗೆ ಕಲಬುರಗಿಗೆ ವರ್ಗವಾಗಿದೆ. ಹಾರೈಕೆ ಬರೆಯುವ ಹೊಣೆ ಹೊತ್ತವರ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

“ನಮ್ಮೆಲ್ಲರ ನೆಚ್ಚಿನ ಸಹೋದ್ಯೋಗಿಯಾದ ತಾವು ವರ್ಗಾವಣೆಗೊಂಡು ತೆರಳುತ್ತಿರುವುದು ಶಾಖೆಗೆ ತುಂಬಲಾರದ ನಷ್ಟ. ತಮ್ಮ ನಗುಮುಖ, ಸರಳತೆ, ಕಾರ್ಯದಕ್ಷತೆ ನಮಗೆ ಮಾದರಿ. ತಮ್ಮ ಮುಂದಿನ ಜೀವನ ಸುಖಕರವಾಗಿರಲಿ ಎಂದು ಹಾರೈಸುತ್ತೇವೆ.”

ಬರೆದವರ ಮನಸ್ಸಿನಲ್ಲಿ ಪ್ರೀತಿಯೇ ಇದೆ. ಆದರೂ ಇದರಲ್ಲಿ ಮೂರು ತೊಡಕುಗಳಿವೆ. ‘ತುಂಬಲಾರದ ನಷ್ಟ’ ಎಂಬ ಮಾತನ್ನು ಕನ್ನಡ ಓದುಗರು ಹೆಚ್ಚಾಗಿ ಕಾಣುವುದು ಪತ್ರಿಕೆಯ ಶ್ರದ್ಧಾಂಜಲಿಯಲ್ಲಿ. ‘ನಮ್ಮನ್ನು ಅಗಲಿ’, ‘ಸದಾ ನೆನಪಿನಲ್ಲಿ ಉಳಿಯುವಿರಿ’ ಎಂಬಂಥವೂ ಅದೇ ಸಾಲಿನವು. ಊರು ಬಿಡುವ ಗಡಿಬಿಡಿಯಲ್ಲಿರುವ ಜೀವಂತ ವ್ಯಕ್ತಿಗೆ ಅವು ಸಲ್ಲವು. ‘ಮುಂದಿನ ಜೀವನ ಸುಖಕರವಾಗಿರಲಿ’ ಎನ್ನುವುದು ನಿವೃತ್ತರಿಗೆ ಹೇಳುವ ಮಾತು, ಇನ್ನೂ ಇಪ್ಪತ್ತು ವರ್ಷ ಸೇವೆ ಬಾಕಿ ಇರುವವರಿಗೆ ಅಲ್ಲ. ಮೂರನೆಯದೇ ದೊಡ್ಡ ತೊಡಕು: ನಗುಮುಖ, ಸರಳತೆ, ಕಾರ್ಯದಕ್ಷತೆ ಎಂಬ ಮೂರನ್ನೂ ಶಾಖೆಯಲ್ಲಿ ಯಾರಿಗೆ ಬೇಕಾದರೂ ಅಂಟಿಸಬಹುದು. ಹೆಸರು ಅಳಿಸಿ ಓದಿದಾಗ ಇದು ಯಾರ ಕಾರ್ಡು ಎಂದು ತಿಳಿಯದಿದ್ದರೆ ಕರಡು ಇನ್ನೂ ಸಿದ್ಧವಾಗಿಲ್ಲ.

ಗುಣವನ್ನು ಹೆಸರಿಸುವ ಬದಲು ಎಲ್ಲರೂ ಕಂಡ ಒಂದು ಕೆಲಸವನ್ನು ಹೇಳುವುದು ಇದಕ್ಕೆ ಪರಿಹಾರ. ಪಿಂಚಣಿದಾರರು ಪ್ರತಿವರ್ಷ ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಸಲ್ಲಿಸಬೇಕು. ಆಗ ಶಾಖೆಗಳಲ್ಲಿ ವಯಸ್ಸಾದವರ ಸಾಲು ಬಾಗಿಲಿನವರೆಗೂ ಇರುತ್ತದೆ. ಈ ಮಹಿಳೆ ಕೌಂಟರ್ ಬಿಟ್ಟು ಎದ್ದು ಬಂದು, ಅವರ ಪಕ್ಕದ ಬೆಂಚಿನಲ್ಲಿ ಕುಳಿತು ಫಾರಂ ತುಂಬಿಸುತ್ತಿದ್ದರು. ಎರಡನೇ ಕರಡಿಗೆ ಈ ಸಂಗತಿ ಸಿಗುತ್ತದೆ: “ನವೆಂಬರ್‌ನ ನೂಕುನುಗ್ಗಲಿನಲ್ಲಿ ನೀವು ಹಿರಿಯರ ಪಕ್ಕ ಕುಳಿತು ಫಾರಂ ತುಂಬಿಸಿದ್ದನ್ನು ನಾವೆಲ್ಲ ನೋಡಿದ್ದೇವೆ.” ಆದರೆ ಸಹಿ ಹಾಕುವ 22 ಮಂದಿಯಲ್ಲಿ ಇಬ್ಬರು ಗುಮಾಸ್ತರು ಜನವರಿಯಲ್ಲಷ್ಟೇ ಕೆಲಸಕ್ಕೆ ಸೇರಿದವರು. ಅವರು ನವೆಂಬರ್ ಕಂಡಿಲ್ಲ. ‘ನಾವೆಲ್ಲ’ ಎಂಬ ಮಾತು ಅವರ ಬಾಯಲ್ಲಿ ಸುಳ್ಳಾಗುತ್ತದೆ, ಓದುವವರಿಗೂ ಅದು ಗೊತ್ತಾಗುತ್ತದೆ. ಪಿಂಚಣಿ ಜಮೆಯಾಗುವ ಪ್ರತಿ ತಿಂಗಳ ಮೊದಲ ವಾರದಲ್ಲೂ ಹಿರಿಯರು ಪಾಸ್‌ಬುಕ್ ಹಿಡಿದು ಬರುತ್ತಾರೆ, ಆಗಲೂ ಆಕೆ ಎದ್ದು ಬರುತ್ತಿದ್ದರು. ಆ ದೃಶ್ಯ ಹೊಸಬರಿಗೂ ಪರಿಚಿತ. ಹೀಗೆ ಮೂರನೇ ಕರಡು ಸಿದ್ಧವಾಗುತ್ತದೆ:

“ಪ್ರೀತಿಯ ಮೇಡಂ, ತಿಂಗಳ ಮೊದಲ ವಾರ ಪಾಸ್‌ಬುಕ್ ಹಿಡಿದು ಬಂದ ಹಿರಿಯರನ್ನು ಕಂಡರೆ ನೀವು ಕೌಂಟರ್ ಬಿಟ್ಟು ಎದ್ದು ಬರುತ್ತಿದ್ದಿರಿ. ಅವರ ಪಕ್ಕ ಕುಳಿತು, ಅವರಿಗೆ ತಿಳಿಯುವವರೆಗೂ ಹೇಳುತ್ತಿದ್ದಿರಿ. ಅದನ್ನು ನೋಡಿ ನಾವೆಲ್ಲ ಕಲಿತಿದ್ದೇವೆ. ಕಲಬುರಗಿಯ ಹಿರಿಯರಿಗೆ ಇನ್ನು ನೀವು ಸಿಗುತ್ತೀರಿ. ಹೊಸ ಮನೆ, ಹೊಸ ಶಾಖೆ, ಹೊಸ ಊರು ಬೇಗ ನಿಮ್ಮದಾಗಲಿ. ಶಿವಮೊಗ್ಗದ ಕಡೆ ಬಂದಾಗ ಶಾಖೆಗೆ ಬರಬೇಕು. ಹೋಗಿ ಬನ್ನಿ.”

ಇಲ್ಲಿ ‘ತಾವು’ ಹೋಗಿ ‘ನೀವು’ ಬಂದಿದೆ. ದಿನವೂ ‘ನೀವು’ ಎಂದು ಮಾತನಾಡಿಸುವವರು ಕಾರ್ಡಿನಲ್ಲಿ ಮಾತ್ರ ‘ತಾವು’ ಎಂದರೆ ದೂರ ಸರಿದಂತಾಗುತ್ತದೆ. ಶಾಖೆಯಲ್ಲಿ ಆಕೆಯನ್ನು ಎಲ್ಲರೂ ‘ಅಕ್ಕ’ ಎಂದು ಕರೆಯುತ್ತಿದ್ದರೆ ಕಾರ್ಡಿನಲ್ಲೂ ಹಾಗೆಯೇ ಬರೆಯುವುದು ಸರಿ. ಕಿರಿಯರು ‘ಅಕ್ಕ’ ಎನ್ನುತ್ತಾರೆ, ಅಧಿಕಾರಿಗಳು ಹೆಸರು ಹಿಡಿದು ಕರೆಯುತ್ತಾರೆ ಎಂದಾದರೆ ನಡುವಿನ ಹಾರೈಕೆಯಲ್ಲಿ ‘ಮೇಡಂ’ ಎನ್ನುವುದು ಎಲ್ಲರಿಗೂ ಒಗ್ಗುತ್ತದೆ. ‘ಅಕ್ಕ’ ಸುತ್ತಲಿನ ಸಾಲುಗಳಲ್ಲಿ ಬರಬಹುದು.

ಹೋಗುವ ಊರಿನ ಬಗ್ಗೆ ಬರೆಯುವಾಗ ಹೆಚ್ಚಿನ ಎಚ್ಚರ ಬೇಕು. ಮಲೆನಾಡಿನಿಂದ ಕಲಬುರಗಿಗೆ ವರ್ಗವಾಯಿತೆಂದರೆ ‘ಅಯ್ಯೋ, ಅಲ್ಲಿ ಬಿಸಿಲು’ ಎಂಬ ಮಾತು ಬಾಯಿಗೆ ತಾನಾಗಿ ಬರುತ್ತದೆ. ಆ ಊರಿನಲ್ಲಿ ಮನೆ ಮಾಡಲು ಹೊರಟವರಿಗೆ ಅನುಕಂಪದ ಅಗತ್ಯವಿಲ್ಲ. ನಾಳೆ ಆ ಕಾರ್ಡನ್ನು ಕಲಬುರಗಿಯ ಹೊಸ ಸಹೋದ್ಯೋಗಿಯೂ ಓದಬಹುದು. ವರ್ಗಾವಣೆಯ ಕಾರಣವನ್ನೂ ಬರೆಯಬಾರದು. ಮನೆಯವರ ಕಾಯಿಲೆ, ಗಂಡನ ಕೆಲಸ, ಮೇಲಧಿಕಾರಿಯೊಂದಿಗಿನ ಮನಸ್ತಾಪ ಇವು ಎಲ್ಲರಿಗೂ ತಿಳಿದಿದ್ದರೂ ಎಲ್ಲರ ಹೆಸರಿನಲ್ಲಿ ಕಾಗದಕ್ಕೆ ಇಳಿಸುವ ಸಂಗತಿಗಳಲ್ಲ.

ಹಾರೈಕೆ ಸಿದ್ಧವಾದ ಮೇಲೆ ಕಾಗದದ ಲೆಕ್ಕ. ಅಂಗಡಿಯಲ್ಲಿ ಸಿಗುವ ಸಾಧಾರಣ ಕಾರ್ಡು ಬಿಡಿಸಿದಾಗ ಹೆಚ್ಚೆಂದರೆ ಒಂದು ಎ4 ಹಾಳೆಯಷ್ಟಿರುತ್ತದೆ. ಒಬ್ಬರು ಎರಡು ಸಾಲು ಬರೆದು ಹೆಸರು ಹಾಕಲು ಸುಮಾರು 7 ಸೆಂಟಿಮೀಟರ್ ಅಗಲ, 3 ಸೆಂಟಿಮೀಟರ್ ಎತ್ತರದ ಜಾಗ ಬೇಕು. ಅಂಚು ಮತ್ತು ನಡುವಿನ ಹಾರೈಕೆಗೆ ಬಿಟ್ಟ ಜಾಗ ಕಳೆದರೆ ಅಲ್ಲಿ 15 ಮಂದಿ ಹಿಡಿಸುತ್ತಾರೆ. 22 ಮಂದಿಗೆ ಅದು ಸಾಲದು. ಕೊನೆಯ ಏಳು ಮಂದಿ ಅಂಚಿನಲ್ಲಿ ಅಡ್ಡಡ್ಡ ಬರೆಯಬೇಕಾಗುತ್ತದೆ, ಅಥವಾ ಬರೀ ಸಹಿ ಗೀಚಿ ಬಿಡುತ್ತಾರೆ. ಅದರ ಎರಡರಷ್ಟಿರುವ ಎ3 ದಪ್ಪ ಕಾಗದವನ್ನು ಮಡಚಿದರೆ 35 ಮಂದಿಯವರೆಗೂ ಸಲೀಸಾಗಿ ಬರೆಯಬಹುದು. ಒಳಭಾಗ ನುಣುಪಾಗಿ ಹೊಳೆಯುವಂತಿರಬಾರದು. ಹೊಳಪಿನ ಕಾಗದ ಶಾಯಿಯನ್ನು ಹೀರುವುದಿಲ್ಲ, ಜೆಲ್ ಪೆನ್ನಿನ ಅಕ್ಷರ ಒಣಗುವ ಮೊದಲೇ ಮುಂದಿನವರ ಕೈ ತಾಗಿ ಹರಡುತ್ತದೆ. ಹಿಂಬದಿಯ ಮೂಲೆಯಲ್ಲಿ ಒಂದು ಗೆರೆ ಎಳೆದು, ಸ್ವಲ್ಪ ಹೊತ್ತು ಬಿಟ್ಟು ಬೆರಳಿನಿಂದ ಉಜ್ಜಿ ನೋಡಿದರೆ ಇದು ಗೊತ್ತಾಗುತ್ತದೆ. ಸಂಶಯವಿದ್ದರೆ ಕಾರ್ಡಿನ ಜೊತೆಗೇ ಒಂದು ಬಾಲ್ ಪೆನ್ ಇಟ್ಟು ಕಳಿಸುವುದು ಲೇಸು.

ಕಾರ್ಡು ಯಾರ ಕೈಗೆ ಮೊದಲು ಹೋಗುತ್ತದೆ ಎಂಬುದರ ಮೇಲೆ ಉಳಿದವರ ಬರಹ ನಿಲ್ಲುತ್ತದೆ. ಮೊದಲನೆಯವರು ‘ಶುಭವಾಗಲಿ’ ಎಂದಷ್ಟೇ ಬರೆದರೆ ಎರಡನೆಯವರಿಗೆ ಅದಕ್ಕಿಂತ ಹೆಚ್ಚು ಬರೆಯಲು ಸಂಕೋಚವಾಗುತ್ತದೆ, ಐದನೆಯವರ ಹೊತ್ತಿಗೆ ಅದೇ ಕಟ್ಟಳೆಯಾಗಿಬಿಡುತ್ತದೆ. ಪದ್ಧತಿಯಂತೆ ಮ್ಯಾನೇಜರಿಗೆ ಮೊದಲು ಕೊಟ್ಟರೆ ಅವರು ನಡುವೆ ದೊಡ್ಡದಾಗಿ ಬರೆದು ಸಹಿ ಮಾಡುವುದೂ ಉಂಟು. ಆಕೆಯ ಪಕ್ಕದ ಮೇಜಿನಲ್ಲಿ ಕುಳಿತು ಕೆಲಸ ಮಾಡಿದ ಇಬ್ಬರು ಮೂವರಿಂದ ಆರಂಭಿಸುವುದು ಉತ್ತಮ. ಅವರಿಗೆ ಹೇಳಲು ನಿಜವಾಗಿಯೂ ಏನಾದರೂ ಇರುತ್ತದೆ: “ಬೆಳಗ್ಗೆ ಕ್ಯಾಶ್ ಟ್ಯಾಲಿ ಆಗದೆ ನಾನು ಅಳುತ್ತ ಕುಳಿತ ದಿನ ನೀವು ಊಟ ಬಿಟ್ಟು ಎಣಿಸಿದ್ದು ಮರೆಯೋದಿಲ್ಲ.” ಇಂಥ ಒಂದು ಸಾಲು ಕಂಡರೆ ಮುಂದಿನವರೂ ತಮ್ಮ ನೆನಪನ್ನು ತಡಕುತ್ತಾರೆ. ಹೆಚ್ಚು ಒಡನಾಟ ಇಲ್ಲದವರು ‘ಒಳ್ಳೆಯದಾಗಲಿ’ ಎಂದು ಬರೆದು ಹೆಸರು ಹಾಕಿದರೆ ಸಾಕು, ಇಲ್ಲದ ಸಲಿಗೆ ತೋರಿಸಬೇಕಿಲ್ಲ. ಮುನಿಸು ಇದ್ದವರನ್ನು ಸಹಿಗೆ ಒತ್ತಾಯಿಸಲೂಬಾರದು. ಅಧಿಕಾರಿಗಳ ಸಾಲು ಕೆಲಸದ ಸರ್ಟಿಫಿಕೇಟಿನಂತೆ ಆಗದಿದ್ದರೆ ಚೆನ್ನ.

ಸಹಿಯ ಕೆಳಗೆ ಹೆಸರನ್ನು ಓದುವಂತೆ ಬಿಡಿಸಿ ಬರೆಯಬೇಕು. ಚೆಕ್ಕಿಗೆ ಹಾಕುವ ಸಹಿ ಮೂರು ವರ್ಷದ ನಂತರ ಯಾರದೆಂದು ಹೇಳುವುದು ಕಷ್ಟ. ಬರೆಯುವ ಭಾಷೆಗೆ ಕಟ್ಟುಪಾಡಿಲ್ಲ. ಶಾಖೆಯಲ್ಲಿ ಉರ್ದು, ತೆಲುಗು, ಹಿಂದಿ ಬಲ್ಲವರಿದ್ದರೆ ಅವರು ತಮ್ಮ ಲಿಪಿಯಲ್ಲಿ ಬರೆದ ಸಾಲು ಅವರ ದನಿಯಲ್ಲೇ ಉಳಿಯುತ್ತದೆ.

ಕಾರ್ಡನ್ನು ಮಾಮೂಲಿ ಫೈಲಿನೊಳಗಿಟ್ಟು ಮೇಜಿನಿಂದ ಮೇಜಿಗೆ ದಾಟಿಸಿದರೆ ಆಕೆಯ ಕಣ್ಣಿಗೆ ಬೀಳುವುದಿಲ್ಲ. ಜೊತೆಗೆ ಎಲ್ಲರ ಹೆಸರಿನ ಒಂದು ಚೀಟಿ ಇರಬೇಕು, ಬರೆದವರು ಅದರಲ್ಲಿ ಗುರುತು ಹಾಕುತ್ತಾರೆ. ಈ ಚೀಟಿ ತಯಾರಿಸುವಾಗಲೇ ಹೆಚ್ಚಾಗಿ ತಪ್ಪಾಗುತ್ತದೆ. ಹಾಜರಿ ಪುಸ್ತಕ ನೋಡಿ ಹೆಸರು ಬರೆದುಕೊಂಡರೆ ಗುತ್ತಿಗೆಯ ಮೇಲಿರುವ ಸೆಕ್ಯೂರಿಟಿ ಗಾರ್ಡ್, ಕಸ ಗುಡಿಸುವವರು, ದಿನವೂ ಚಹಾ ತರುವ ಹುಡುಗ ಬಿಟ್ಟುಹೋಗುತ್ತಾರೆ. ಹೋಗುವವರು ಕಾರ್ಡಿನಲ್ಲಿ ಅವರ ಹೆಸರನ್ನೂ ಹುಡುಕುತ್ತಾರೆ. ಬರೆಯಲು ಬಾರದವರು ಹೇಳಿದ್ದನ್ನು ಬೇರೆಯವರು ಬರೆದುಕೊಡಬಹುದು, ಆದರೆ ಅವರ ಮಾತನ್ನು ತಿದ್ದಿ ಗ್ರಾಂಥಿಕಗೊಳಿಸಬಾರದು.

ಇದಕ್ಕೆಲ್ಲ ಮೂರು ಕೆಲಸದ ದಿನ ಬೇಕಾಗುತ್ತದೆ. ವರ್ಗಾವಣೆಯ ಆದೇಶ ಬಂದ ಕೂಡಲೇ ಆರಂಭಿಸುವುದು ಕ್ಷೇಮ, ಏಕೆಂದರೆ ರಿಲೀವ್ ಆಗುವ ದಿನಾಂಕ ಹಿಂದಕ್ಕೆ ಸರಿಯುವುದು ಅಪರೂಪವೇನಲ್ಲ. ಕೊನೆಯ ದಿನ ಚಾರ್ಜು ಒಪ್ಪಿಸುವುದು, ಬೀಗದ ಕೈ ಕೊಡುವುದು, ಪತ್ರಗಳಿಗೆ ಸಹಿ ಹಾಕುವುದು ಎಂದು ಪುರುಸೊತ್ತೇ ಇರುವುದಿಲ್ಲ. ಅದರ ಹಿಂದಿನ ಸಂಜೆ ಚಹಾದ ಹೊತ್ತಿಗೆ ಕೊಟ್ಟರೆ ಓದಿ ಮರುದಿನ ಒಬ್ಬೊಬ್ಬರ ಬಳಿ ಮಾತನಾಡಲು ಸಮಯ ಸಿಗುತ್ತದೆ. ಕಾರ್ಡನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಬೇಕಾಗಿಲ್ಲ. ಹಿಂಬದಿಯಲ್ಲಿ ಶಾಖೆಯ ಹೆಸರು, ತಿಂಗಳು, ವರ್ಷ ಬರೆದಿರಬೇಕು. ರಜೆಯಲ್ಲಿದ್ದು ಸಹಿ ತಪ್ಪಿಸಿಕೊಂಡವರು ಒಂದು ಚೀಟಿಯಲ್ಲಿ ಬರೆದು ಹೊಸ ಶಾಖೆಯ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಬಹುದು.